ಅಲೆಗಳೇ ಗಾಳಿಸಿಟ್ಟ ಮರಳು: ಚವರದ ಕಪ್ಪು ತೀರ

ಕಾರವಾರ, ಕುಮಟಾ, ಕುಂದಾಪುರ, ಮಂಗಳೂರುಗಳನ್ನು ಪೋಣಿಸಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 66 ಕೇರಳದ ಉದ್ದಕ್ಕೂ ಕಡಲಿನ ಪಕ್ಕದಲ್ಲೇ ಇಳಿಯುತ್ತದೆ. ಆಲಪ್ಪುಳ ದಾಟಿ ಕೊಲ್ಲಂ ಇನ್ನೇನು ಬಂತು ಎನ್ನುವಾಗ ಸಿಗುವ ಊರು ಚವರ. ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿ ತೆಂಗಿನ ತೋಟಗಳ ನಡುವೆ ಸ್ವಲ್ಪ ದೂರ ಹೋದರೆ ಕಡಲು. ಮಲ್ಪೆಯ ಮರಳು ನೋಡಿದ ಕಣ್ಣಿಗೆ ಇಲ್ಲಿ ಮೊದಲು ಗಾಬರಿಯಾಗುತ್ತದೆ. ದಂಡೆಯ ಮೇಲೆ ಯಾರೋ ಇದ್ದಿಲ ಪುಡಿ ಚೆಲ್ಲಿದ ಹಾಗೆ ಕಪ್ಪು ಪಟ್ಟೆಗಳು. ಬೊಗಸೆಯಲ್ಲಿ ಎತ್ತಿದರೆ ಇನ್ನೊಂದು ಅಚ್ಚರಿ: ಕೈ ಕೆಳಕ್ಕೆ ಜಗ್ಗುತ್ತದೆ. ಒಂದು ಲೀಟರಿನ ಪಾತ್ರೆ ತುಂಬ ಒಣಗಿದ ಮಾಮೂಲಿ ಮರಳು ಹೆಚ್ಚುಕಡಿಮೆ ಒಂದೂವರೆ ಕಿಲೋ ತೂಗುತ್ತದೆ. ಅದೇ ಪಾತ್ರೆಯಲ್ಲಿ ಈ ಕಪ್ಪು ಮರಳು ಎರಡೂವರೆ ಕಿಲೋ ದಾಟುತ್ತದೆ.

ನೀಂಡಕರದಿಂದ ಬಡಗಣದ ಕಾಯಂಕುಳಂವರೆಗೆ ಹಬ್ಬಿರುವ, ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚಿರುವ ಈ ತೀರವನ್ನು ಭೂವಿಜ್ಞಾನಿಗಳು ‘ಪ್ಲೇಸರ್ ನಿಕ್ಷೇಪ’ ಎನ್ನುತ್ತಾರೆ. ಬಂಡೆಯೊಳಗೆ ಚದುರಿಹೋಗಿದ್ದ ತೂಕದ ಖನಿಜವನ್ನು ನೀರು ಬಿಡಿಸಿ, ಸಾಗಿಸಿ, ತೊಳೆದು ಒಂದೆಡೆ ಕೂಡಿಹಾಕಿದ ಜಾಗ ಎಂದು ಅದರ ಅರ್ಥ. ನಮ್ಮ ಮನೆಗಳಲ್ಲಿ ಅಕ್ಕಿ ಗಾಳಿಸುತ್ತಾರಲ್ಲ, ಅದೇ ಕೆಲಸ. ಪಾತ್ರೆಯನ್ನು ಓಲಾಡಿಸಿದಾಗ ಅಕ್ಕಿ ನೀರಿನೊಂದಿಗೆ ಮುಂದಕ್ಕೆ ಸರಿಯುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಚವರದಲ್ಲಿ ಅಕ್ಕಿಯ ಜಾಗದಲ್ಲಿರುವುದು ಬೆಣಚುಕಲ್ಲಿನ ಬಿಳಿ ಮರಳು. ಕಲ್ಲಿನ ಜಾಗದಲ್ಲಿರುವುದು ಇಲ್ಮನೈಟ್ ಎಂಬ ಕಬ್ಬಿಣ–ಟೈಟಾನಿಯಂ ಖನಿಜ. ಅದರ ಜೊತೆಗೆ ಸ್ವಲ್ಪ ರೂಟೈಲ್, ಜಿರ್ಕಾನ್, ಸಿಲಿಮನೈಟ್, ಮತ್ತೆ ಥೋರಿಯಂ ಇರುವ ಜೇನುಬಣ್ಣದ ಮೊನಜೈಟ್.

ಇವೆಲ್ಲ ಬಂದದ್ದು ಮೂಡಣದ ಬೆಟ್ಟಗಳಿಂದ. ಪಶ್ಚಿಮ ಘಟ್ಟದ ಈ ಭಾಗದ ಹಳೆಯ ಬಂಡೆಗಳಲ್ಲಿ ಇಲ್ಮನೈಟ್ ಅಲ್ಲೊಂದು ಇಲ್ಲೊಂದು ಕಾಳಿನಂತೆ ಹುದುಗಿದೆ. ಬಿಸಿಲು, ಮಳೆ ಎರಡೂ ಧಾರಾಳವಾಗಿರುವ ನಾಡಿನಲ್ಲಿ ಬಂಡೆ ಕೊಳೆತು ಮುರಕಲ್ಲಾಗುತ್ತದೆ. ಆಗ ಮೆತ್ತನೆಯ ಖನಿಜಗಳು ಜೇಡಿಯಾಗಿ ಹೋಗುತ್ತವೆ. ಇಲ್ಮನೈಟ್, ಜಿರ್ಕಾನ್‌ಗಳಂಥ ಗಟ್ಟಿ ಕಾಳುಗಳು ಹಾಗೇ ಬಿಡಿಬಿಡಿಯಾಗಿ ಉಳಿಯುತ್ತವೆ. ಈ ಕೊಳೆಯುವಿಕೆಯಿಂದ ಇನ್ನೊಂದು ಉಪಕಾರವೂ ಆಗಿದೆ. ಶುದ್ಧ ಇಲ್ಮನೈಟಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುವುದು ಶೇ 53ರ ಆಸುಪಾಸು. ಚವರದ ಕಾಳಿನಲ್ಲಿ ಅದು ಶೇ 60ರಷ್ಟಿದೆ, ಏಕೆಂದರೆ ಕಬ್ಬಿಣದ ಒಂದು ಪಾಲನ್ನು ಮಳೆನೀರು ದಾರಿಯಲ್ಲೇ ಕರಗಿಸಿ ಒಯ್ದಿದೆ. ಗೋಡೆಗೆ ಬಳಿಯುವ ಬಿಳಿ ಬಣ್ಣದ ಬಿಳುಪು ಈ ಟೈಟಾನಿಯಂ ಡೈಆಕ್ಸೈಡಿನದೇ. ಕಡುಗಪ್ಪು ಮರಳಿನಿಂದ ಅಚ್ಚಬಿಳಿ ಬಣ್ಣ!

ನದಿ ತಂದು ಸುರಿದಾಗ ಈ ಕಾಳುಗಳು ಬಿಳಿ ಮರಳಿನೊಂದಿಗೆ ಬೆರೆತೇ ಇರುತ್ತವೆ. ಬೇರ್ಪಡಿಸುವ ಕೆಲಸವೆಲ್ಲ ಅಲೆಯದು. ಅದು ಹೇಗೆಂದು ತಿಳಿಯಲು ಚಿಕ್ಕದೊಂದು ಲೆಕ್ಕ ಬೇಕು. ನೀರಿಗಿಂತ ಬೆಣಚು 2.65 ಪಟ್ಟು ತೂಕ, ಇಲ್ಮನೈಟ್ ಸುಮಾರು 4.7 ಪಟ್ಟು. ಮುಳುಗಿದ ವಸ್ತುವನ್ನು ನೀರು ತನ್ನ ತೂಕದಷ್ಟು ಎತ್ತಿ ಹಿಡಿಯುವುದರಿಂದ ಎರಡರಲ್ಲೂ ಒಂದನ್ನು ಕಳೆಯಬೇಕು. ಉಳಿಯುವುದು 1.65 ಮತ್ತು 3.7. ಅಂದರೆ ನೀರೊಳಗೆ ಇಲ್ಮನೈಟ್ ಕಾಳು ಅಷ್ಟೇ ಗಾತ್ರದ ಬೆಣಚಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರ. ನುಣ್ಣನೆಯ ಮರಳಿನಲ್ಲಿ ಇದರ ಪರಿಣಾಮ ಏನೆಂದರೆ, 0.2 ಮಿಲಿಮೀಟರಿನ ಇಲ್ಮನೈಟ್ ಕಾಳು 0.3 ಮಿಲಿಮೀಟರಿನ ಬೆಣಚು ಕಾಳಿನಷ್ಟೇ ವೇಗವಾಗಿ ತಳಕ್ಕಿಳಿಯುತ್ತದೆ. ಹಾಗಾಗಿ ಅಲೆ ಮರಳನ್ನು ಕೆಳಗಿಳಿಸುವಾಗ ಚಿಕ್ಕ ಕರಿಕಾಳು ಮತ್ತು ದೊಡ್ಡ ಬಿಳಿಕಾಳು ಅಕ್ಕಪಕ್ಕದಲ್ಲೇ ಕೂರುತ್ತವೆ. ಇಳಿಯುವಾಗ ಅವು ಬೇರೆಯಾಗುವುದಿಲ್ಲ. ‘ಭಾರದ್ದು ಮೊದಲು ಮುಳುಗುತ್ತದೆ, ಅದಕ್ಕೇ ಕೂಡಿಕೊಳ್ಳುತ್ತದೆ’ ಎಂಬ ಸುಲಭದ ವಿವರಣೆ ಇಲ್ಲಿ ಸೋಲುತ್ತದೆ.

ಬೇರೆಯಾಗುವುದು ಮತ್ತೆ ಏಳುವಾಗ. ದಂಡೆಗೆ ಏರುವ ಅಲೆಗೆ ಬಲ ಹೆಚ್ಚು, ಅದು ಎಲ್ಲವನ್ನೂ ಹೊತ್ತು ತರುತ್ತದೆ. ಮೇಲೆ ಒಂದು ಕ್ಷಣ ನಿಂತು ಹಿಂದಿರುಗುವಾಗ ಸ್ವಲ್ಪ ನೀರು ಮರಳಿನೊಳಗೇ ಇಂಗಿರುತ್ತದೆ. ಹರಿವು ತೆಳ್ಳಗಾಗಿರುತ್ತದೆ, ಬಲವೂ ಕುಂದಿರುತ್ತದೆ. ಆ ತೆಳು ನೀರಿಗೆ ಸಿಗುವುದು ತಲೆಯೆತ್ತಿ ನಿಂತ ದೊಡ್ಡ ಬಿಳಿಕಾಳು. ಅದು ಉರುಳುತ್ತದೆ. ಚಿಕ್ಕ ಕರಿಕಾಳು ದೊಡ್ಡವುಗಳ ಸಂದಿಯಲ್ಲಿ ಅವಿತಿರುತ್ತದೆ, ಅದಕ್ಕೆ ನೀರಿನ ಹೊಡೆತ ತಟ್ಟುವುದೇ ಇಲ್ಲ. ತಟ್ಟಿದರೂ ಅದರ ತೂಕ ಅದನ್ನು ಹಿಡಿದಿಡುತ್ತದೆ. ಒಂದು ಅಲೆಯಲ್ಲಿ ಆಗುವ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಹತ್ತು ಸೆಕೆಂಡಿಗೊಂದು ಅಲೆ ಎಂದಿಟ್ಟುಕೊಂಡರೆ ದಿನಕ್ಕೆ 8,640 ಸಲ, ಮುಂಗಾರಿನ ನಾಲ್ಕು ತಿಂಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಲ ಕಡಲು ಈ ಮರಳನ್ನು ಗಾಳಿಸುತ್ತದೆ.

ಮುಂಗಾರು ಎಂಬುದನ್ನು ಒತ್ತಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಗ್ರ ಅಲೆಗಳು ದಂಡೆಯನ್ನು ಕೊರೆದು ಬಿಳಿ ಮರಳನ್ನು ಒಳಗಿನ ಕಡಲಿಗೆ ಎಳೆದೊಯ್ಯುತ್ತವೆ. ಹಿಂದೆ ಉಳಿಯುವುದೇ ಕಪ್ಪು ಹಾಸು. ಮಳೆಗಾಲ ಕಳೆದು ಕಡಲು ತಣ್ಣಗಾದಾಗ ಸಣ್ಣ ಅಲೆಗಳು ಬಿಳಿ ಮರಳನ್ನು ಮತ್ತೆ ತಂದು ಅದರ ಮೇಲೆ ಹೊದಿಸುತ್ತವೆ. ದಂಡೆಯಲ್ಲಿ ಗುಂಡಿ ತೋಡಿದರೆ ಗೋಡೆಯಲ್ಲಿ ಕಪ್ಪು–ಬಿಳಿ ಪದರಗಳು ಒಂದರ ಮೇಲೊಂದು ಕಾಣುವುದು ಇದರಿಂದಲೇ. ಪ್ರತಿ ಕಪ್ಪು ಗೆರೆಯೂ ದಂಡೆ ಮರಳು ಕಳೆದುಕೊಂಡ ಒಂದು ಕಾಲದ ಗುರುತು. ಈ ಮಾತು ನನ್ನನ್ನು ಬಹಳ ದಿನ ಕಾಡಿದೆ: ಚವರದ ಸಂಪತ್ತು ಕಡಲು ಅಲ್ಲಿ ತಂದಿಟ್ಟ ಗಳಿಕೆಗಿಂತ ಹೆಚ್ಚಾಗಿ, ಕಡಲು ಒಯ್ದ ಮೇಲೆ ಉಳಿದ ಶೇಷ.

ಹೊಸದಾಗಿ ಖನಿಜ ಹುಡುಕುವವರು ಎಡವುವುದೂ ಇಲ್ಲೇ. ಬಿರುಗಾಳಿಯ ಮರುದಿನ ಇಡೀ ದಂಡೆ ಕಪ್ಪಾಗಿ ಹೊಳೆಯಬಹುದು, ಆದರೆ ಆ ಕಪ್ಪು ಬೆರಳುಗುರಿನಷ್ಟು ದಪ್ಪದ ಪೊರೆ ಮಾತ್ರವಾಗಿರಬಹುದು. ಮೇಲಿನ ಮರಳನ್ನು ಕೆರೆದು ಮಾದರಿ ತೆಗೆದರೆ ಲೆಕ್ಕ ಎಷ್ಟೋ ಪಟ್ಟು ಹಿಗ್ಗುತ್ತದೆ. ಬೇಸಿಗೆಯಲ್ಲಿ ನೋಡಿದರೆ ಇದಕ್ಕೆ ಉಲ್ಟಾ: ಮೇಲೆಲ್ಲ ಬಿಳಿ, ನಿಕ್ಷೇಪ ಅಡಿಯಲ್ಲಿ. ಆದ್ದರಿಂದ ಕೊಳವೆ ಇಳಿಸಿ ಆಳದವರೆಗಿನ ಮರಳನ್ನು ಪದರಪದರವಾಗಿ ತೂಗಬೇಕು, ಎರಡೂ ಋತುಗಳಲ್ಲಿ ತೂಗಬೇಕು. ಕಪ್ಪಗಿದ್ದುದೆಲ್ಲ ಇಲ್ಮನೈಟೂ ಅಲ್ಲ. ಸಾಮಾನ್ಯ ಅಯಸ್ಕಾಂತಕ್ಕೆ ಗೊಂಚಲಾಗಿ ಹಾರಿ ಅಂಟಿಕೊಂಡರೆ ಅದು ಮ್ಯಾಗ್ನಟೈಟ್. ಇಲ್ಮನೈಟ್ ಅಷ್ಟು ಸುಲಭಕ್ಕೆ ಬರುವುದಿಲ್ಲ, ಬಲವಾದ ಅಯಸ್ಕಾಂತ ಬೇಕು.

ಜಗತ್ತಿಗೆ ಈ ಮರಳಿನ ಸುದ್ದಿ ಮುಟ್ಟಿಸಿದ್ದು ತೆಂಗಿನ ನಾರು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಹೋದ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟನ್ನು ಗುರುತಿಸಿದ. ಆಗ ಎಲ್ಲರಿಗೂ ಬೇಕಿದ್ದುದು ಅದರೊಳಗಿನ ಥೋರಿಯಂ. ನಮ್ಮ ಹಿರಿಯರು ಯಕ್ಷಗಾನದ ರಂಗಸ್ಥಳದಲ್ಲಿ ಕಂಡ ಗ್ಯಾಸ್‌ಲೈಟಿನ ಮ್ಯಾಂಟಲ್ ಬೆಳ್ಳಗೆ ಉರಿಯುತ್ತಿದ್ದುದು ಥೋರಿಯಂನಿಂದ. ಮುಂದೆ ಇಲ್ಮನೈಟಿಗೆ ಬೆಲೆ ಬಂತು. ಇಂದು ಇಲ್ಲಿ ಕೇಂದ್ರ ಸರ್ಕಾರದ ಐಆರ್‌ಇಎಲ್ ಮತ್ತು ಕೇರಳ ಸರ್ಕಾರದ ಕೆಎಂಎಂಎಲ್ ಎರಡೂ ಕೆಲಸ ಮಾಡುತ್ತಿವೆ. ಕಾರ್ಖಾನೆಯೊಳಗೂ ಮೊದಲ ಹೆಜ್ಜೆ ಗಾಳಿಸುವುದೇ: ಮರಳು ಬೆರೆತ ನೀರು ಸುರುಳಿಯಾಕಾರದ ಜಾರುದೋಣಿಯಲ್ಲಿ ಇಳಿಯುತ್ತದೆ, ಹಗುರದ ಬೆಣಚು ಹೊರ ಅಂಚಿಗೆ, ಭಾರದ ಕಾಳು ಒಳ ಅಂಚಿಗೆ. ಅಲ್ಲಿಂದ ಮುಂದೆ ತೂಕ ಸಾಲದು. ಒಣಗಿಸಿದ ಮರಳಿಗೆ ವಿದ್ಯುತ್ ತಗುಲಿಸಿ ತಿರುಗುವ ಉರುಳೆಯ ಮೇಲೆ ಬಿಟ್ಟರೆ ವಿದ್ಯುತ್ ಹರಿಸುವ ಇಲ್ಮನೈಟ್, ರೂಟೈಲ್ ಸಿಡಿದು ದೂರ ಬೀಳುತ್ತವೆ. ಹರಿಸದ ಜಿರ್ಕಾನ್, ಮೊನಜೈಟ್ ಉರುಳೆಗೆ ಅಂಟಿಕೊಳ್ಳುತ್ತವೆ. ಆಮೇಲೆ ಅಯಸ್ಕಾಂತ ಈ ಜೋಡಿಗಳನ್ನು ಬಿಡಿಸುತ್ತದೆ: ಇಲ್ಮನೈಟ್, ಮೊನಜೈಟ್ ಅದರ ಸೆಳೆತಕ್ಕೆ ಸಿಗುತ್ತವೆ, ರೂಟೈಲ್, ಜಿರ್ಕಾನ್ ಸಿಗುವುದಿಲ್ಲ.

ಇಷ್ಟೆಲ್ಲ ಗಾಳಿಸುವ ಕಡಲು ಚಿನ್ನವನ್ನೇಕೆ ಕೊಡಲಿಲ್ಲ? ಉತ್ತರ ಇದೇ ಕೇರಳದ ಬಡಗಣದಲ್ಲಿದೆ. ವಯನಾಡು–ನೀಲಗಿರಿಯ ಕಡೆಯಿಂದ ಇಳಿಯುವ ಚಾಲಿಯಾರ್ ನದಿಯ ಜಲ್ಲಿಯಲ್ಲಿ, ನಿಲಂಬೂರಿನ ಸುತ್ತ, ಚಿನ್ನದ ಕಣಗಳಿವೆ. ಮರದ ಹರಿವಾಣದಲ್ಲಿ ಅದನ್ನು ಗಾಳಿಸುವುದು ಅಲ್ಲಿನ ಹಳೆಯ ಕಸುಬು. ನಮ್ಮ ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲೂ ಜಾಲಗಾರರು ಇದನ್ನೇ ಮಾಡುತ್ತಿದ್ದರು. ಶುದ್ಧ ಚಿನ್ನ ನೀರಿಗಿಂತ 19 ಪಟ್ಟು ತೂಕ. ನೀರು ಎತ್ತಿಹಿಡಿಯುವುದನ್ನು ಕಳೆದರೂ ಅಷ್ಟೇ ಗಾತ್ರದ ಬೆಣಚಿನ ಹತ್ತು ಪಟ್ಟು ಮೀರುತ್ತದೆ. ಅಷ್ಟು ಭಾರದ ಕಣಕ್ಕೆ ದೂರದ ಪಯಣ ಆಗದು. ಘಟ್ಟ ಇಳಿದು ಇಳಿಜಾರು ಮುಗಿದಲ್ಲಿ, ಹೊಳೆಯ ತಿರುವಿನ ಒಳಮಗ್ಗುಲಲ್ಲಿ, ಬಂಡೆಯ ಬೆನ್ನಿಗೆ, ತಳಬಂಡೆಯ ಬಿರುಕಿನಲ್ಲಿ ಅದು ಕೂತುಬಿಡುತ್ತದೆ. ತಗಡಿನಂತೆ ಚಪ್ಪಟೆಯಾದ ಅತಿ ಸಣ್ಣ ಚೂರುಗಳಷ್ಟೇ ಮುಂದೆ ತೇಲಿ ಚದುರುತ್ತವೆ. ಇಲ್ಮನೈಟಿನ ತೂಕವಾದರೋ ಹೊಳೆಯೊಂದಿಗೆ ಕಡಲು ಮುಟ್ಟುವಷ್ಟು ಕಡಿಮೆ, ಮುಟ್ಟಿದ ಮೇಲೆ ಅಲೆಗೆ ಜಗ್ಗದಷ್ಟು ಹೆಚ್ಚು.

ಅಲಾಸ್ಕದ ನೋಮ್‌ನಲ್ಲಿ 1899ರಲ್ಲಿ ಜನ ಕಡಲ ದಂಡೆಯಲ್ಲೇ ಚಿನ್ನ ತೊಳೆದರು ನಿಜ. ಅಲ್ಲಿ ಚಿನ್ನವಿರುವ ಬೆಟ್ಟ ತೀರಕ್ಕೆ ತೀರ ಹತ್ತಿರ, ಜೊತೆಗೆ ಹಿಮನದಿ. ಹರಿಯುವ ಹಿಮಕ್ಕೆ ಭಾರ, ಹಗುರ ಎಂಬ ಭೇದವಿಲ್ಲ. ಕೆರೆದದ್ದನ್ನೆಲ್ಲ ಕಡಲಂಚಿಗೆ ತಂದು ಸುರಿಯಿತು, ಅಲೆ ಅದನ್ನು ಗಾಳಿಸಿತು. ಚವರಕ್ಕೆ ಅಂಥ ಹೊರೆಯಾಳು ಸಿಗಲಿಲ್ಲ.

ಮೊನಜೈಟಿನ ಕಾರಣ ಈ ತೀರದ ನೆಲದಲ್ಲಿ ಸಹಜ ವಿಕಿರಣ ಬೇರೆಡೆಗಿಂತ ಹೆಚ್ಚು. ಕರುನಾಗಪ್ಪಳ್ಳಿಯ ಸುಮಾರು 70 ಸಾವಿರ ಜನರನ್ನು ಸರಾಸರಿ ಹತ್ತು ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ವಿಕಿರಣಕ್ಕೆ ತಕ್ಕಂತೆ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ.

ಊರವರ ಚಿಂತೆ ಬೇರೆ. ಚವರದ ಬಡಗಣಕ್ಕೆ ಆಲಪ್ಪಾಡ್ ಇದೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಕಾಲುವೆ, ನಡುವೆ ಪಟ್ಟಿಯಂಥ ನೆಲ. 2004ರ ಸುನಾಮಿಯಲ್ಲಿ ಇಲ್ಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2018ರ ಕೊನೆಯಲ್ಲಿ ಮರಳುಗಾರಿಕೆ ನಿಲ್ಲಬೇಕೆಂದು ಊರವರು ಸತ್ಯಾಗ್ರಹಕ್ಕೆ ಕೂತರು. ದಂಡೆಯ ಕೊರೆತದಲ್ಲಿ ಕಡಲಿನ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬ ವಾದ ಮುಗಿಯುವಂಥದ್ದಲ್ಲ, ಏಕೆಂದರೆ ಈ ಖನಿಜ ಕೂಡುವುದೇ ಕೊರೆತ ಇರುವಲ್ಲಿ. ತೆಗೆದ ಗುಂಡಿಯನ್ನು ಮುಂದಿನ ಮುಂಗಾರು ತುಂಬಿಸುತ್ತದೆ ಎಂಬ ಹಳೆಯ ನಂಬಿಕೆ ನಿಲ್ಲಲು ಹೊಳೆಗಳು ಹೊಸ ಮರಳು ತರುತ್ತಿರಬೇಕು. ಹೊಳೆಗೆ ಅಡ್ಡ ಅಣೆಕಟ್ಟು ಕಟ್ಟಿ, ಪಾತ್ರದ ಮರಳನ್ನೂ ಬಗೆದ ಮೇಲೆ ಬರುವುದು ಕಡಿಮೆಯೇ. ಆ ಕೊರತೆಯನ್ನು ಅಲೆ ದಂಡೆಯಿಂದ ವಸೂಲಿ ಮಾಡುತ್ತದೆ. ಅದನ್ನು ತಡೆಯಲು ತೀರದುದ್ದಕ್ಕೂ ಅಲ್ಲಲ್ಲಿ ಕಲ್ಲಿನ ತಡೆಗೋಡೆ ಹಾಕಿದ್ದಾರೆ. ಗೋಡೆ ಇರುವಲ್ಲಿ ಅಲೆ ಕಲ್ಲಿಗೆ ಬಡಿದು ಮರಳುತ್ತದೆ. ಗಾಳಿಸಲು ಅದರ ಮುಂದೆ ಹರವಿಕೊಂಡ ದಂಡೆಯೇ ಉಳಿದಿಲ್ಲ.