ಯಕೃತ್ತಿನ ಕಣಜ: ಗ್ಲೂಕೋಸನ್ನು ಹಿಡಿಯುವ ಎರಡು ಕಿಣ್ವಗಳ ವಿಚಾರ

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ಕಾಲದ ಹಿಂದೆ ತನ್ನ ತಾಯಿಯೊಡನೆ ನಮ್ಮನ್ನು ಕಾಣಲು ಬಂದಿದ್ದಳು. ಆಗ ಅವಳು ಐದು ತಿಂಗಳ ಗರ್ಭಿಣಿ. ಬರಿಹೊಟ್ಟೆಯಲ್ಲಿ ಅವಳ ರಕ್ತವನ್ನು ಪರೀಕ್ಷಿಸಲಾಗಿ ನೂರು ಮಿಲಿಲೀಟರಿನಲ್ಲಿ 114 ಮಿಲಿಗ್ರಾಂ ಗ್ಲೂಕೋಸ್ ಕಂಡುಬಂದಿತ್ತು. ಗರ್ಭಿಣಿಯರಿಗೆ ಅದು 92ರ ಒಳಗಿರಬೇಕೆಂಬುದು ನಿಯಮ. ಆದರೆ 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ತಾಸಾದ ಮೇಲೆ ನೋಡಿದರೆ 146 ಮಾತ್ರವೇ ಇತ್ತು. ತಾಯಿಯ ಲೆಕ್ಕವೂ ಹೀಗೆಯೇ. ಇಪ್ಪತ್ತು ವರುಷಗಳಿಂದ ಮಾತ್ರೆ ನುಂಗಿದರೂ ಅದು 115ರಿಂದ ಇಳಿಯಲಿಲ್ಲ, ಏರಲೂ ಇಲ್ಲ. “ಅಮ್ಮನವರೇ, ಹೆಚ್ಚದೆಯೂ ಗುಣವಾಗದೆಯೂ ಇರುವ ಸಕ್ಕರೆ ಕಾಯಿಲೆಯುಂಟೇ?” ಎಂದು ಆಕೆ ಕೇಳಿದಳು. ಉಂಟು. ಅದರ ಕಾರಣವನ್ನು ಹುಡುಕಿಕೊಂಡು ಹೊರಟರೆ ನಾವು ಯಕೃತ್ತಿನ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ನಾವು ಉಂಡ ಅನ್ನವು ಕರುಳಿನಲ್ಲಿ ಗ್ಲೂಕೋಸಾಗಿ ರಕ್ತವನ್ನು ಸೇರುವುದು. ಅದು ಜೀವಕೋಶದೊಳಗೆ ಹೊಕ್ಕ ಮಾತ್ರಕ್ಕೆ ಉಪಯೋಗಕ್ಕೆ ಬಾರದು. ಮೊದಲು ಅದಕ್ಕೊಂದು ಫಾಸ್ಫೇಟಿನ ತುಣುಕನ್ನು ಅಂಟಿಸಬೇಕು. ಹಾಗೆ ಅಂಟಿಸಿದ ಮೇಲೆ ಅದು ಬಂದ ದಾರಿಯಿಂದ ಹೊರಗೆ ಹೋಗಲಾರದು. ಮೆದುಳು, ಮಾಂಸಖಂಡ, ರಕ್ತಕಣ ಮೊದಲಾದವುಗಳಲ್ಲಿ ಈ ಕೆಲಸವನ್ನು ಮಾಡುವ ಕಿಣ್ವಕ್ಕೆ ಹೆಕ್ಸೋಕೈನೇಸ್ ಎಂದು ಹೆಸರು. ಯಕೃತ್ತಿನಲ್ಲಾದರೋ ಇದೇ ಕೆಲಸಕ್ಕೆ ಮುಖ್ಯವಾಗಿ ನಿಂತಿರುವುದು ಗ್ಲೂಕೋಕೈನೇಸ್ ಎಂಬ ಬೇರೊಂದು ಕಿಣ್ವ. ಕೆಲಸ ಒಂದೇ ಆಗಿರಲು ಆಳುಗಳು ಇಬ್ಬರೇಕೆ?

ಇದಕ್ಕೆ ಉತ್ತರ ಹೇಳಬೇಕಾದರೆ ಕಿಣ್ವದ ಹಿಡಿತವನ್ನು ಅಳೆಯುವ ಒಂದು ಅಳತೆಯನ್ನು ತಿಳಿದಿರಬೇಕು. ಕೆನಡಾ ದೇಶದ ವೈದ್ಯೆಯಾದ ಮಾಡ್ ಮೆಂಟನ್ ಎಂಬವರು ಬರ್ಲಿನಿಗೆ ಹೋಗಿ ಅಲ್ಲಿ ಮಿಖಾಯೆಲಿಸರೊಡನೆ ಕೆಲಸಮಾಡಿ 1913ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಕಿಣ್ವವು ತನ್ನ ಪೂರ್ಣ ವೇಗದ ಅರ್ಧದಷ್ಟು ವೇಗದಲ್ಲಿ ಕೆಲಸಮಾಡಬೇಕಾದರೆ ಅದರ ಸುತ್ತಲೂ ಎಷ್ಟು ಪದಾರ್ಥವಿರಬೇಕೋ ಆ ಮೊತ್ತಕ್ಕೆ ಕೆ.ಎಂ. ಎನ್ನುವರು. ಕೆ.ಎಂ. ಕಡಿಮೆಯಿದ್ದರೆ ಹಿಡಿತ ಬಿಗಿ; ಹೆಚ್ಚಿದ್ದರೆ ಹಿಡಿತ ಸಡಿಲು.

ಮೆದುಳಿನ ಹೆಕ್ಸೋಕೈನೇಸಿನ ಕೆ.ಎಂ. ನೂರು ಮಿಲಿಲೀಟರಿಗೆ ಒಂದೆರಡು ಮಿಲಿಗ್ರಾಂ ಮಾತ್ರ. ಗ್ಲೂಕೋಕೈನೇಸಿಗೆ ಅರ್ಧ ವೇಗ ಬರಬೇಕಾದರೆ ಸುಮಾರು 144 ಮಿಲಿಗ್ರಾಂ ಬೇಕು. ನಮ್ಮ ರಕ್ತದಲ್ಲಿ ಸಾಧಾರಣವಾಗಿ ಇರುವುದು 90. ಆದುದರಿಂದ ಆ 90ರಲ್ಲಿಯೇ ಹೆಕ್ಸೋಕೈನೇಸಿನ ಹಿಡಿತವು ನೂರಕ್ಕೆ 98ರಷ್ಟು ತುಂಬಿರುತ್ತದೆ. ಗ್ಲೂಕೋಸ್ ಇಮ್ಮಡಿಯಾಗಿ 180 ಆದರೂ ಅದು 99ಕ್ಕೆ ಏರುವುದೇ ಹೊರತು ಹೆಚ್ಚಿಲ್ಲ. ಗ್ಲೂಕೋಕೈನೇಸಾದರೋ 90ರಲ್ಲಿ ನೂರಕ್ಕೆ 30ರಷ್ಟು ವೇಗದಲ್ಲಿದ್ದು, 180ರಲ್ಲಿ 60ರ ಸಮೀಪಕ್ಕೆ ಏರುವುದು. ಉಪವಾಸದಲ್ಲಿ 60 ಮಿಲಿಗ್ರಾಮಿಗೆ ಇಳಿದರೆ ಅದರ ವೇಗವು 20ಕ್ಕಿಂತಲೂ ಕಡಿಮೆ. ಅಂದರೆ ಮೊದಲನೆಯದಕ್ಕೆ ಹಬ್ಬವೂ ಉಪವಾಸವೂ ಒಂದೇ. ಎರಡನೆಯದು ರಕ್ತದ ಏರಿಳಿತವನ್ನು ಅನುಸರಿಸಿ ನಡೆಯುವುದು.

ಮನೆವಾರ್ತೆ ನಡಿಸುವವರಿಗೆ ಇದರ ಅರ್ಥವು ಬೇಗನೆ ಹೊಳೆಯುವುದು. ಅಡಿಗೆಮನೆಗೆ ದಿನಕ್ಕಿಷ್ಟು ಸೇರು ಅಕ್ಕಿ ಬೇಕೇ ಬೇಕು. ಬರಗಾಲವೆಂದು ಒಲೆಯನ್ನು ಆರಿಸುವ ಹಾಗಿಲ್ಲ, ಸುಗ್ಗಿಯೆಂದು ನಾಲ್ಕು ಪಾಲು ಬೇಯಿಸುವುದೂ ಇಲ್ಲ. ಕಣಜವಾದರೋ ಸುಗ್ಗಿಯಲ್ಲಿ ತುಂಬಿ ಬರಗಾಲದಲ್ಲಿ ಬರಿದಾಗಬೇಕಾದದ್ದು. ಮೆದುಳು ಅಡಿಗೆಮನೆ, ಯಕೃತ್ತು ಕಣಜ. ಕರುಳಿನಿಂದ ಬರುವ ರಕ್ತವು ಮೊದಲು ಯಕೃತ್ತಿನ ಮೂಲಕವೇ ಹಾದುಹೋಗುವುದರಿಂದ ಊಟದ ಬಳಿಕ ಅಲ್ಲಿಯ ಗ್ಲೂಕೋಸು ಮಿಕ್ಕ ದೇಹದಲ್ಲಿರುವುದಕ್ಕಿಂತ ಹೆಚ್ಚಾಗಿರುತ್ತದೆ. ಯಕೃತ್ತಿನ ಜೀವಕೋಶಗಳು ಅದನ್ನು ತಡೆಯದೆ ಒಳಗೂ ಹೊರಗೂ ಬಿಡುತ್ತವೆ; ಎಷ್ಟನ್ನು ಹಿಡಿದಿಡಬೇಕೆಂಬುದನ್ನು ಗ್ಲೂಕೋಕೈನೇಸೇ ನಿರ್ಣಯಿಸುವುದು.

ಇನ್ನೊಂದು ವ್ಯತ್ಯಾಸವೂ ಉಂಟು. ಹೆಕ್ಸೋಕೈನೇಸು ತಾನು ತಯಾರಿಸಿದ ಪದಾರ್ಥವು ರಾಶಿಬಿದ್ದೊಡನೆ ಕೆಲಸವನ್ನು ನಿಲ್ಲಿಸುವುದು. ಬೇಕಾದಷ್ಟಾಯಿತು, ಸಾಕು ಎಂದಂತೆ. ಗ್ಲೂಕೋಕೈನೇಸಿಗೆ ಈ ತಡೆಯಿಲ್ಲ. ಕಣಜ ತುಂಬಿಸುವವನು ಹತ್ತು ಮೂಟೆ ಬಂದವೆಂದು ಹನ್ನೊಂದನೆಯದನ್ನು ಬೀದಿಯಲ್ಲಿ ಬಿಡಲಾದೀತೇ? ಹೀಗೆ ಹಿಡಿದ ಗ್ಲೂಕೋಸು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡಲ್ಪಡುವುದು. ರಾತ್ರಿ ನಾವು ಮಲಗಿರುವಾಗ ಯಕೃತ್ತು ಆ ಫಾಸ್ಫೇಟನ್ನು ಮತ್ತೆ ಬಿಡಿಸಿ ಗ್ಲೂಕೋಸನ್ನು ರಕ್ತಕ್ಕೆ ಕೊಡುವುದು. ಆ ಬಿಡಿಸುವ ಕಿಣ್ವವು ಮಾಂಸಖಂಡದಲ್ಲಿ ಇಲ್ಲ; ಆದುದರಿಂದ ಮಾಂಸಖಂಡವು ತಾನು ಕೂಡಿಟ್ಟದ್ದನ್ನು ತಾನೇ ಉಣ್ಣಬೇಕಲ್ಲದೆ ನೆರೆಯವರಿಗೆ ಗ್ಲೂಕೋಸಾಗಿ ಕೊಡಲಾರದು. ಯಕೃತ್ತಿನಲ್ಲಿಯೂ ಬಿಗಿಹಿಡಿತದ ಹೆಕ್ಸೋಕೈನೇಸೇ ತುಂಬಿದ್ದರೆ, ಬಿಡಿಸಿಕೊಟ್ಟ ಗ್ಲೂಕೋಸನ್ನು ಹೊಸ್ತಿಲಲ್ಲಿಯೇ ಮತ್ತೆ ಹಿಡಿದು, ಮೆದುಳಿಗೆ ಸಲ್ಲಬೇಕಾದದ್ದನ್ನು ತಾನೇ ನುಂಗುತ್ತಿತ್ತು. ಇದನ್ನು ತಪ್ಪಿಸುವುದಕ್ಕಾಗಿಯೇ ಉಪವಾಸದ ಹೊತ್ತಿನಲ್ಲಿ ಒಂದು ಪ್ರೋಟೀನು ಗ್ಲೂಕೋಕೈನೇಸನ್ನು ಜೀವಕೋಶದ ನಡುಬೀಜದಲ್ಲಿ ಕಟ್ಟಿಹಾಕಿರುತ್ತದೆ. ಊಟವಾದೊಡನೆ ಅದನ್ನು ಬಿಟ್ಟುಕೊಡುತ್ತದೆ.

ಇನ್ನು ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಇದೇ ಗ್ಲೂಕೋಕೈನೇಸು ಇನ್ಸುಲಿನನ್ನು ಸ್ರವಿಸುವ ಮೇದೋಜೀರಕ ಗ್ರಂಥಿಯ ಜೀವಕೋಶಗಳಲ್ಲಿಯೂ ಇದೆ. ಏರಿಳಿತಕ್ಕೆ ತಕ್ಕಂತೆ ಓಡುವ ಗುಣವುಳ್ಳದ್ದಾದುದರಿಂದ ಅಲ್ಲಿ ಅದು ರಕ್ತದ ಗ್ಲೂಕೋಸನ್ನು ಅಳೆಯುವ ಮಾಪಕದಂತೆ ಕೆಲಸಮಾಡುವುದು. ತಾಯಿಯಿಂದಲೋ ತಂದೆಯಿಂದಲೋ ಬಂದ ಎರಡು ಜೀನುಗಳಲ್ಲಿ ಒಂದು ಕೆಟ್ಟಿದ್ದರೆ ಈ ಮಾಪಕವು ಸ್ವಲ್ಪ ಮೇಲಕ್ಕೆ ಸರಿದು ನಿಲ್ಲುತ್ತದೆ. ಇತರರ ದೇಹ 90ನ್ನು ಕಾಯುವ ಹಾಗೆ ಇವರ ದೇಹವು 114ನ್ನು ಕಾಯುತ್ತದೆ. ಕಾಯುವ ಶಕ್ತಿ ಕುಂದಿರುವುದಿಲ್ಲ, ಗುರಿ ಮಾತ್ರ ಬದಲಾಗಿದೆ. ಮಾತ್ರೆಯಿಂದ ಇಳಿಸಲು ಹೋದರೆ ದೇಹವು ತನ್ನ ಗುರಿಗೇ ಮರಳುತ್ತದೆ. ಆದುದರಿಂದಲೇ ತಾಯಿಯ ಲೆಕ್ಕವು ಇಪ್ಪತ್ತು ವರುಷ ಕದಲದೆ ನಿಂತದ್ದು. ಈ ಜೀನಿನ ದೋಷವು 1992ರಲ್ಲಿ ಗೊತ್ತಾಯಿತು. ಇಂಥವರಿಗೆ ಸಕ್ಕರೆ ಕಾಯಿಲೆಯ ಭಾರಿ ತೊಡಕುಗಳು ಬರುವುದು ಅಪರೂಪ, ಸಾಮಾನ್ಯವಾಗಿ ಔಷಧವೂ ಬೇಕಾಗದು.

ಗರ್ಭದ ಶಿಶುವಿನ ಮಾತು ಬೇರೆ. ತಾಯಿಯ ದೋಷವು ಶಿಶುವಿಗೆ ಬಾರದಿದ್ದರೆ ಅದರ ಮಾಪಕವು ತಾಯಿಯ 114ನ್ನು ಹೆಚ್ಚೆಂದು ಕಂಡು, ಇನ್ಸುಲಿನನ್ನು ಅಧಿಕವಾಗಿ ಸುರಿಸಿ, ಶಿಶುವು ಸುಮಾರು ಅರ್ಧ ಕಿಲೋ ಹೆಚ್ಚು ತೂಕಕ್ಕೆ ಬೆಳೆಯುವುದು. ದೋಷವು ಶಿಶುವಿಗೂ ಬಂದಿದ್ದರೆ ಇಬ್ಬರ ಗುರಿಯೂ ಒಂದೇ ಆಗಿ ತೂಕವು ಸಾಧಾರಣವಾಗಿರುವುದು. ಆಗ ತಾಯಿಗೆ ಇನ್ಸುಲಿನ್ ಚುಚ್ಚಿ ಗ್ಲೂಕೋಸನ್ನು ಇಳಿಸಿದರೆ ಶಿಶುವು ಬಡಕಲಾಗುವ ಅಪಾಯವುಂಟು.

ವೈದ್ಯರು ಇವಳ ಜೀನನ್ನು ಪರೀಕ್ಷಿಸಿ ದೋಷವನ್ನು ಖಚಿತಪಡಿಸಿಕೊಂಡರು. ಸ್ಕ್ಯಾನಿನಲ್ಲಿ ಶಿಶುವಿನ ಬೆಳವಣಿಗೆಯನ್ನು ಆಗಾಗ ಅಳೆಯುತ್ತ, ಅದು ಮಿತಿಮೀರದಿರಲು ಇನ್ಸುಲಿನ್ ಕೊಡದೆ ಕಾದರು. ಮೂರು ಕಿಲೋ ತೂಕದ ಹೆಣ್ಣುಮಗು ಹುಟ್ಟಿತು. ಅಜ್ಜಿಯ ಮಾತ್ರೆಗಳನ್ನೂ ವೈದ್ಯರೇ ನಿಲ್ಲಿಸಿದರು. ಆದರೆ ಓದುವವರು ಇದನ್ನು ನೋಡಿ ತಮ್ಮ ಮಾತ್ರೆಗಳನ್ನು ತಾವೇ ಬಿಡಬಾರದು. ಹೆಚ್ಚುತ್ತ ಹೋಗುವ ಸಾಧಾರಣ ಸಕ್ಕರೆ ಕಾಯಿಲೆಯೇ ಬಹುಜನರಿಗೆ ಇರುವಂಥದು. ಬರಿಹೊಟ್ಟೆಯ ಲೆಕ್ಕವು ವರುಷಾನುವರುಷ 100ರಿಂದ 145ರ ಒಳಗೆ ಕದಲದೆ ನಿಂತಿದ್ದು, ತಂದೆಗೋ ತಾಯಿಗೋ ಹಾಗೆಯೇ ಇದ್ದರೆ, ಹಳೆಯ ಚೀಟಿಗಳನ್ನೆಲ್ಲ ಒಟ್ಟುಮಾಡಿ ವೈದ್ಯರ ಮುಂದಿಟ್ಟು ಈ ಜೀನಿನ ಪರೀಕ್ಷೆ ಬೇಕೇ ಎಂದು ಕೇಳಬಹುದು. ಆ ಅಜ್ಜಿಯೂ ಅಂಥ ಚೀಟಿಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದಳು. ವೈದ್ಯರಿಗೆ ಮೊದಲು ಸಂಶಯ ಹುಟ್ಟಿದ್ದು ಅವುಗಳಿಂದಲೇ.