ಪರೀಕ್ಷಾ ದಾಖಲೆಗಳ ಭದ್ರತೆ: ಗೋಪ್ಯತೆಯ ನಿಯಮ ಮತ್ತು ಸಾಚಾತನದ ನಿಯಮ

ಗಣಕಯಂತ್ರದಲ್ಲಿರುವ ಕಡತವನ್ನು ಯಾರು ಓದಬಹುದು, ಯಾರು ಬರೆಯಬಹುದು ಎಂಬುದನ್ನು ನಿಖರವಾದ ನಿಯಮಗಳಿಂದ ಗೊತ್ತುಪಡಿಸುವ ವ್ಯವಸ್ಥೆಗೆ ಪ್ರವೇಶ ನಿಯಂತ್ರಣ ಮಾದರಿ ಎಂದು ಹೆಸರು. ಇವುಗಳಲ್ಲಿ ಎರಡು ಮಾದರಿಗಳು ಪ್ರಮುಖವಾಗಿವೆ. ಡೇವಿಡ್ ಬೆಲ್ ಮತ್ತು ಲಿಯೊನಾರ್ಡ್ ಲಾಪಡುಲಾ ಅವರು ಅಮೆರಿಕದ ವಾಯುಪಡೆಗಾಗಿ 1973ರಿಂದ ರೂಪಿಸಿದ ಮಾದರಿಯು ಗೋಪ್ಯತೆಯನ್ನು ಕಾಯುತ್ತದೆ. ಕೆನೆತ್ ಬಿಬಾ ಅವರು 1970ರ ದಶಕದಲ್ಲಿಯೇ ರೂಪಿಸಿದ ಮಾದರಿಯು ದಾಖಲೆಯ ಸಾಚಾತನವನ್ನು, ಅಂದರೆ ಅದು ಅನಧಿಕೃತವಾಗಿ ಬದಲಾಗದಿರುವುದನ್ನು, ಕಾಯುತ್ತದೆ. ಇವೆರಡರ ವ್ಯತ್ಯಾಸವನ್ನು ಒಂದು ಕಾಲ್ಪನಿಕ ಪರೀಕ್ಷಾ ಮಂಡಳಿಯ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಗೋಪ್ಯತೆಯ ನಿಯಮ

ಮಂಡಳಿಯ ದಾಖಲೆಗಳಿಗೆ ಮೂರು ಮಟ್ಟಗಳಿವೆ ಎಂದು ಭಾವಿಸೋಣ. ವೇಳಾಪಟ್ಟಿ 1ನೇ ಮಟ್ಟದ ಬಹಿರಂಗ ದಾಖಲೆ. ಪರೀಕ್ಷಾ ಕೇಂದ್ರಗಳ ಆಂತರಿಕ ಕಡತ 2ನೇ ಮಟ್ಟದ್ದು. ಪ್ರಶ್ನೆಪತ್ರಿಕೆ 3ನೇ ಮಟ್ಟದ ಪರಮ ಗೋಪ್ಯ ದಾಖಲೆ. ಸಿಬ್ಬಂದಿಗೂ ಇದೇ ರೀತಿ ಮಟ್ಟಗಳನ್ನು ನೀಡಲಾಗುತ್ತದೆ.

1. ಮೇಲಿನ ಮಟ್ಟದ್ದನ್ನು ಓದುವಂತಿಲ್ಲ. 2ನೇ ಮಟ್ಟದ ಗುಮಾಸ್ತರು ಪ್ರಶ್ನೆಪತ್ರಿಕೆಯನ್ನು ತೆರೆಯಲಾಗದು.

2. ಕೆಳಗಿನ ಮಟ್ಟಕ್ಕೆ ಬರೆಯುವಂತಿಲ್ಲ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವ 3ನೇ ಮಟ್ಟದ ಅಧ್ಯಾಪಕರು ಬಹಿರಂಗ ಕಡತಕ್ಕೆ ಏನನ್ನೂ ಸೇರಿಸಲಾಗದು.

ಎರಡನೆಯ ನಿಯಮವು ಅಧ್ಯಾಪಕರ ಮೇಲಿನ ಅಪನಂಬಿಕೆಯಿಂದ ಹುಟ್ಟಿದ್ದಲ್ಲ. ಅವರು ಪ್ರಾಮಾಣಿಕರೇ ಆಗಿದ್ದರೂ ಅವರು ಬಳಸುವ ತಂತ್ರಾಂಶದಲ್ಲಿ ಕುತಂತ್ರಾಂಶ ಅಡಗಿದ್ದರೆ, ಅದು ಅವರ ಅಧಿಕಾರವನ್ನೇ ಬಳಸಿ ಪ್ರಶ್ನೆಗಳನ್ನು ಬಹಿರಂಗ ಕಡತಕ್ಕೆ ನಕಲು ಮಾಡಬಲ್ಲದು. ಕೆಳಕ್ಕೆ ಬರೆಯುವುದನ್ನೇ ನಿರ್ಬಂಧಿಸಿದಾಗ ಆ ದಾರಿ ಮುಚ್ಚುತ್ತದೆ. ಅದೇ ಅಧ್ಯಾಪಕರು ಬಹಿರಂಗ ಸೂಚನೆಯೊಂದನ್ನು ಬರೆಯಬೇಕಾದರೆ 1ನೇ ಮಟ್ಟದಲ್ಲಿ ಹೊಸದಾಗಿ ಪ್ರವೇಶಿಸಬೇಕು. ಆ ಅವಧಿಯಲ್ಲಿ ಅವರಿಗೆ ಪ್ರಶ್ನೆಪತ್ರಿಕೆ ಕಾಣುವುದಿಲ್ಲ.

ಈ ನಿಯಮದ ಕೊರತೆ

ಈ ಮಾದರಿಯಲ್ಲಿ ಕೆಳಗಿನದನ್ನು ಓದುವುದಕ್ಕೂ ಮೇಲಕ್ಕೆ ಬರೆಯುವುದಕ್ಕೂ ಅಡ್ಡಿಯಿಲ್ಲ. ಫಲಿತಾಂಶಕ್ಕೆ ಮೊದಲು ಅಂತಿಮ ಅಂಕಪಟ್ಟಿಯನ್ನು 3ನೇ ಮಟ್ಟದಲ್ಲಿ ಇರಿಸಲಾಗಿದೆ ಎನ್ನೋಣ. 2ನೇ ಮಟ್ಟದ ದತ್ತಾಂಶ ನಮೂದಕರು ಅದನ್ನು ಓದಲಾರರು. ಆದರೆ ಮೂಲ ನಿಯಮದ ಪ್ರಕಾರ ಅದರ ಮೇಲೆ ಬರೆಯಬಲ್ಲರು. ಗುಟ್ಟು ರಟ್ಟಾಗುವುದಿಲ್ಲ, ಅಂಕ ಮಾತ್ರ ಬದಲಾಗಬಹುದು. ಇದೇ ಕಾರಣದಿಂದ ಕೆಲವು ವ್ಯವಸ್ಥೆಗಳು ಬರವಣಿಗೆಯನ್ನು ತನ್ನ ಮಟ್ಟಕ್ಕೆ ಮಾತ್ರ ಸೀಮಿತಗೊಳಿಸುತ್ತವೆ.

ಸಾಚಾತನದ ನಿಯಮ

ಬಿಬಾ ಮಾದರಿಯಲ್ಲಿ ಮಟ್ಟವು ನಂಬಿಕೆಯನ್ನು ಸೂಚಿಸುತ್ತದೆ. ಆದುದರಿಂದ ನಿಯಮಗಳು ತಲೆಕೆಳಗಾಗುತ್ತವೆ.

1. ಮೇಲಿನ ಮಟ್ಟಕ್ಕೆ ಬರೆಯುವಂತಿಲ್ಲ. ನಮೂದಕರು ಅಂತಿಮ ಅಂಕಪಟ್ಟಿಯನ್ನು ಮುಟ್ಟಲಾರರು.

2. ಕೆಳಗಿನ ಮಟ್ಟದ್ದನ್ನು ಓದುವಂತಿಲ್ಲ. ಅಂತಿಮ ಪಟ್ಟಿ ತಯಾರಿಸುವ ತಂತ್ರಾಂಶವು ಪರಿಶೀಲಿಸದ ನಮೂದುಗಳನ್ನು ನೇರವಾಗಿ ಸ್ವೀಕರಿಸಲಾರದು.

ಹಾಗಾದರೆ ಅಂಕಗಳು ಅಂತಿಮ ಪಟ್ಟಿಯನ್ನು ಸೇರುವುದು ಹೇಗೆ? ಇಬ್ಬರು ನಮೂದಕರು ಒಂದೇ ಉತ್ತರಪತ್ರಿಕೆಯ ಅಂಕಗಳನ್ನು ಪ್ರತ್ಯೇಕವಾಗಿ ದಾಖಲಿಸುತ್ತಾರೆ. ಒಬ್ಬರು 67 ಎಂದೂ ಮತ್ತೊಬ್ಬರು 76 ಎಂದೂ ದಾಖಲಿಸಿದ್ದರೆ ಆ ನಮೂದು ತಡೆಹಿಡಿಯಲ್ಪಟ್ಟು ಮೂಲ ಉತ್ತರಪತ್ರಿಕೆಯೊಂದಿಗೆ ತಾಳೆ ನೋಡಲಾಗುತ್ತದೆ. ಹೊಂದಿಕೆಯಾದವುಗಳನ್ನು ಮಾತ್ರ, ಇದೊಂದೇ ಕಾರ್ಯಕ್ಕಾಗಿ ಪರೀಕ್ಷಿಸಿ ನಂಬಿಕೆಗೆ ಪಾತ್ರವಾದ ತಂತ್ರಾಂಶವು ಮೇಲಿನ ಮಟ್ಟಕ್ಕೆ ಏರಿಸುತ್ತದೆ. ನಿಯಮಕ್ಕೆ ವಿನಾಯಿತಿ ಇರುವುದು ಈ ಒಂದು ಬಾಗಿಲಿಗೆ ಮಾತ್ರ. ತಪಾಸಣೆಯೂ ಅಲ್ಲಿಯೇ ಬಿಗಿಯಾಗಿರಬೇಕು.

ಎರಡನ್ನೂ ಒಟ್ಟಿಗೆ ಅನ್ವಯಿಸುವುದು

ಒಂದೇ ಮಟ್ಟದ ಸಂಖ್ಯೆಯನ್ನು ಎರಡೂ ಮಾದರಿಗಳಿಗೆ ಬಳಸಿದರೆ ಒಂದು ಅನುಮತಿಸಿದ್ದನ್ನು ಇನ್ನೊಂದು ನಿಷೇಧಿಸುತ್ತದೆ. ಆಗ ಪ್ರತಿಯೊಬ್ಬರೂ ತಮ್ಮ ಮಟ್ಟದಲ್ಲಿ ಮಾತ್ರ ಓದಿ ಬರೆಯಲು ಸಾಧ್ಯ. ಆದುದರಿಂದ ಪ್ರತಿ ದಾಖಲೆಗೂ ಎರಡು ಪ್ರತ್ಯೇಕ ಗುರುತುಗಳು ಅಗತ್ಯ. ವೇಳಾಪಟ್ಟಿಯ ಗೋಪ್ಯತೆ 1, ಸಾಚಾತನ 3 ಆಗಿರಲಿ. ಎರಡೂ ಗುರುತುಗಳಲ್ಲಿ 1ನೇ ಮಟ್ಟದವರಾದ ಸಾರ್ವಜನಿಕರು ಅದನ್ನು ಓದಬಹುದು, ಏಕೆಂದರೆ ಬಿಬಾ ಮಾದರಿಯಲ್ಲಿ ಮೇಲಿನದನ್ನು ಓದಲು ಅನುಮತಿಯಿದೆ. ಆದರೆ ಅದರಲ್ಲಿನ ದಿನಾಂಕವನ್ನು ಅವರು ಬದಲಿಸಲಾರರು. ಗೋಪ್ಯತೆಯ ನಿಯಮವೊಂದೇ ಇದ್ದಿದ್ದರೆ ಈ ಬದಲಾವಣೆಯನ್ನು ಅದು ತಡೆಯುತ್ತಿರಲಿಲ್ಲ.

ಮಿತಿಗಳು

ಪ್ರಶ್ನೆಪತ್ರಿಕೆಯನ್ನು ಓದಲು ಅಧಿಕಾರವುಳ್ಳ ವ್ಯಕ್ತಿ ಪರದೆಯ ಛಾಯಾಚಿತ್ರ ತೆಗೆದರೆ ಯಾವ ಮಾದರಿಯೂ ತಡೆಯಲಾರದು. ಅಂತೆಯೇ, ಮೌಲ್ಯಮಾಪಕರೇ ತಪ್ಪು ಅಂಕ ನೀಡಿದ್ದರೆ ಇಬ್ಬರು ನಮೂದಕರೂ ಆ ತಪ್ಪನ್ನೇ ನಿಷ್ಠೆಯಿಂದ ದಾಖಲಿಸುತ್ತಾರೆ. ಅದನ್ನು ಸರಿಪಡಿಸಲು ಮರುಮೌಲ್ಯಮಾಪನವೇ ಮಾರ್ಗ.

ನೆನಪಿಡಲು: ಗೋಪ್ಯತೆಯ ಮಾದರಿಯಲ್ಲಿ ಗುಟ್ಟು ಕೆಳಗಿಳಿಯಬಾರದು, ಸಾಚಾತನದ ಮಾದರಿಯಲ್ಲಿ ದೋಷ ಮೇಲೇರಬಾರದು.