ಕ್ರಿಯೇಟಿನ್‌: ಮೊದಲ ತಿಂಗಳು ಹೀಗಿರಲಿ

ಕ್ರಿಯೇಟಿನ್ ಶುರು ಮಾಡಿದ ಎರಡನೇ ವಾರಕ್ಕೆ ತೂಕ ಒಂದು ಕಿಲೋ ಏರಿದರೆ, ಬೊಜ್ಜು ಬಂತೆಂದು ಹೆದರಿ ಡಬ್ಬಿ ಮುಚ್ಚಿಡುವವರಿದ್ದಾರೆ. ಆದರೆ ಅಷ್ಟು ಬೇಗ ಏರಿದ ಆ ತೂಕದಲ್ಲಿ ಹೆಚ್ಚಿನದು ಸ್ನಾಯುವಿನೊಳಗೆ ಸೇರಿದ ನೀರು. ಇದು ಗೊತ್ತಿದ್ದರೆ ಮೊದಲ ತಿಂಗಳು ಗೊಂದಲವಿಲ್ಲದೆ ಸಾಗುತ್ತದೆ.

ಭಾರ ಎತ್ತುವ ಮೊದಲ ಕೆಲವು ಸೆಕೆಂಡುಗಳಿಗೆ ಬೇಕಾದ ಶಕ್ತಿಯನ್ನು ಮರಳಿ ತುಂಬಿಕೊಡುವುದು ಸ್ನಾಯುವಿನಲ್ಲಿರುವ ಕ್ರಿಯೇಟಿನ್ ಸಂಗ್ರಹ. ಮಾಂಸ, ಮೀನಿನಿಂದ ಅದು ಸಿಗುತ್ತದೆ. ಸಸ್ಯಾಹಾರಿಗಳಲ್ಲಿ ಈ ಸಂಗ್ರಹ ಸಾಮಾನ್ಯವಾಗಿ ಕಡಿಮೆ.

ದಿನಕ್ಕೆ 20 ಗ್ರಾಂನಂತೆ ಸುಮಾರು ಒಂದು ವಾರ ತೆಗೆದುಕೊಂಡರೆ ಸಂಗ್ರಹ ಬೇಗ ತುಂಬುತ್ತದೆ, ಆದರೆ ಕೆಲವರಿಗೆ ಹೊಟ್ಟೆ ಕೆಡುತ್ತದೆ. ದಿನಕ್ಕೆ 3 ಗ್ರಾಂನಂತೆ 28 ದಿನ ತೆಗೆದುಕೊಂಡರೂ ಅದೇ ಮಟ್ಟ ಮುಟ್ಟಬಹುದೆಂದು ಎರಿಕ್ ಹಲ್ಟ್‌ಮನ್ ಮತ್ತು ಸಂಗಡಿಗರು 1996ರಲ್ಲೇ ತೋರಿಸಿದ್ದಾರೆ. ಹಾಗಾಗಿ ಹೊಸಬರಿಗೆ ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್ ಮೊನೊಹೈಡ್ರೇಟ್ ಸಾಕು. ಹೊತ್ತು ಯಾವುದಾದರೂ ಸರಿ, ವ್ಯಾಯಾಮವಿಲ್ಲದ ದಿನವೂ ತಪ್ಪಬಾರದು.

ಪುಡಿ ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಹಾಕಿ ಕಲಕಿ, ಲೋಟದ ತಳದಲ್ಲಿ ಉಳಿದ ಪುಡಿಗೆ ಇನ್ನಷ್ಟು ನೀರು ಬೆರೆಸಿ ಕುಡಿಯಿರಿ. ದಿನವಿಡೀ ಬಲವಂತವಾಗಿ ಲೀಟರುಗಟ್ಟಲೆ ನೀರು ಕುಡಿಯಬೇಕಿಲ್ಲ. ಮೂತ್ರ ತಿಳಿಹಳದಿಯಿದ್ದರೆ ನೀರು ಸಾಕಾಗಿದೆ, ಗಾಢವಾಗಿದ್ದರೆ ಹೆಚ್ಚಿಸಿ. ಬೇಸಿಗೆಯಲ್ಲಿ ಬೆವರಿದಷ್ಟೂ ನೀರು ಹೆಚ್ಚು ಬೇಕು.

ಪುಡಿಯಷ್ಟರಿಂದಲೇ ಸ್ನಾಯು ಬೆಳೆಯುವುದಿಲ್ಲ. ವಾರಕ್ಕೆ ಮೂರು ದಿನ ಸ್ಕ್ವಾಟ್, ಎದೆಗೆ ಪ್ರೆಸ್, ಬೆನ್ನಿಗೆ ರೋ ಮಾಡಿ. 65 ಕಿಲೋ ತೂಕದ ಸಸ್ಯಾಹಾರಿ ಯುವಕನೊಬ್ಬ 40 ಕಿಲೋ ಸ್ಕ್ವಾಟ್ ಅನ್ನು ಮೂರು ಸೆಟ್ಟುಗಳಲ್ಲಿ 8, 8, 6 ಸಲ ಮಾಡುತ್ತಾನೆ ಎಂದುಕೊಳ್ಳಿ. ಕೊನೆಯ ಸೆಟ್ಟು 7ಕ್ಕೆ, ನಂತರ 8ಕ್ಕೆ ಏರಬೇಕು. ಮೂರೂ ಸೆಟ್ಟುಗಳಲ್ಲಿ 8 ಮುಗಿದ ಮೇಲೆ ಭಾರವನ್ನು 42.5 ಕಿಲೋಗೆ ಏರಿಸಲಿ. ಹೊಸಬರಲ್ಲಿ ಕ್ರಿಯೇಟಿನ್ ಇಲ್ಲದೆಯೂ ಬಲ ಹೆಚ್ಚುವುದರಿಂದ ಈ ಪ್ರಗತಿಯನ್ನೆಲ್ಲ ಪುಡಿಯ ಲೆಕ್ಕಕ್ಕೆ ಬರೆಯುವಂತಿಲ್ಲ.

ನೋಟ್‌ಬುಕ್ಕಿನಲ್ಲಿ ಮೂರು ಸಂಗತಿ ಬರೆದಿಡಿ: ಪ್ರತಿ ಸೆಟ್ಟಿನ ಸಂಖ್ಯೆ, ವಾರಕ್ಕೆ ಮೂರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿದ ತೂಕದ ಸರಾಸರಿ, ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ. ಆ ಯುವಕನ ತೂಕ 66 ಆಗಿ, ಸೊಂಟ ಮೊದಲಿದ್ದಷ್ಟೇ ಇದ್ದರೆ ಹೆದರಿಕೆಯಿಲ್ಲ. ಸೊಂಟವೂ ಏರುತ್ತಿದ್ದರೆ ಊಟದ ಕಡೆ ನೋಡಬೇಕು.

ಹೊಟ್ಟೆ ಕೆಟ್ಟರೆ ಪ್ರಮಾಣವನ್ನು ಎರಡಾಗಿ ಹಂಚಿ ಊಟದ ಜೊತೆ ತೆಗೆದುಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, 18 ತುಂಬದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ರಕ್ತಪರೀಕ್ಷೆಗೆ ಹೋದಾಗಲೂ ಇದನ್ನು ತೆಗೆದುಕೊಳ್ಳುತ್ತಿರುವ ವಿಷಯ ಹೇಳಿ. ಮೂತ್ರಪಿಂಡ ಚೆನ್ನಾಗಿದ್ದರೂ ಕ್ರಿಯೇಟಿನಿನ್ ಅಂಕಿ ತುಸು ಏರಿ ಕಾಣಬಹುದು.

ನಾಲ್ಕು ವಾರ ಮುಗಿದ ಮೇಲೂ ಪ್ರಮಾಣ ಹೆಚ್ಚಿಸಬೇಡಿ. ತುಂಬಿದ ಸಂಗ್ರಹವನ್ನು ಕಾಯ್ದುಕೊಳ್ಳಲು ಅದೇ 3ರಿಂದ 5 ಗ್ರಾಂ ಸಾಕು.